ಹತ್ತು ಜನರ ಕೆಲಸಕ್ಕೆ ಹದಿನಾಲ್ಕು ಜನ ಯಾಕೆ?

ಕಾಲ್ ಸೆಂಟರಿಗೆ ಅರ್ಧ ಗಂಟೆಯಲ್ಲಿ 100 ಕರೆ, ಒಂದೊಂದಕ್ಕೆ 3 ನಿಮಿಷ. ಒಟ್ಟು 300 ನಿಮಿಷದ ಕೆಲಸ. 10 ಜನ ಸಾಕು ಅನ್ಸುತ್ತೆ, ಅಲ್ವಾ? ಸಾಲಲ್ಲ. ಕರೆಗಳು ಒಮ್ಮೆ ನುಗ್ಗುತ್ತವೆ, ಒಮ್ಮೆ ಸುಮ್ಮನಿರುತ್ತವೆ. ಖಾಲಿ ಕೂತ ನಿಮಿಷವನ್ನು ಆಮೇಲಿನ ನೂಕುನುಗ್ಗಲಿಗೆ ಕೂಡಿಡೋಕಾಗಲ್ಲ.

80% ಕರೆಗಳಿಗೆ 20 ಸೆಕೆಂಡಿನೊಳಗೆ ಉತ್ತರಿಸಬೇಕು ಅನ್ನೋದು ಗುರಿ ಅಂದುಕೊಳ್ಳಿ. ಡೆನ್ಮಾರ್ಕಿನ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ 11 ಜನರಿದ್ದರೆ ಸಿಗೋದು ಸುಮಾರು 39%, 14 ಜನರಿದ್ದರೆ 89%.

ಇದು ಹೆಡ್‌ಸೆಟ್ ಹಾಕಿ ಕೂತವರ ಲೆಕ್ಕ. ರಜೆ, ಊಟ, ತರಬೇತಿಗೆ 30% ಸಮಯ ಹೋಗುವುದಾದರೆ ಶಿಫ್ಟ್ ಪಟ್ಟಿಯಲ್ಲಿ 20 ಹೆಸರು ಬೇಕು. 14ರಲ್ಲಿ ಮೂವರು ಒಟ್ಟಿಗೆ ಊಟಕ್ಕೆದ್ದರೆ 89 ಇದ್ದದ್ದು 39ರತ್ತ ಜಾರುತ್ತದೆ. ದಿನದ ಸರಾಸರಿಯಲ್ಲಿ ಇದು ಕಾಣಲ್ಲ. ಅರ್ಧರ್ಧ ಗಂಟೆಯ ಲೆಕ್ಕ ನೋಡಬೇಕು.