ನ್ಯಾಸ್‌ಗೆ ಎರಡು ಕೇಬಲ್ ಹಾಕಿದರೆ ಕಾಪಿ ಬೇಗ ಮುಗಿಯುತ್ತದೆಯೇ?

ಮದುವೆ ವಿಡಿಯೊ ಎಡಿಟ್ ಮಾಡುವ ಒಬ್ಬರು ಮನೆಯಲ್ಲಿ ನ್ಯಾಸ್ ಇಟ್ಟುಕೊಂಡಿದ್ದಾರೆ ಎನ್ನಿ. ನಾಲ್ಕಾರು ಹಾರ್ಡ್ ಡಿಸ್ಕ್ ತುಂಬಿಕೊಂಡು, ನೆಟ್‌ವರ್ಕ್ ಕೇಬಲ್ ಮೂಲಕ ಮನೆಯ ಕಂಪ್ಯೂಟರ್‌ಗಳಿಗೆಲ್ಲ ಜಾಗ ಒದಗಿಸುವ ಪೆಟ್ಟಿಗೆ ಅದು. ಒಂದು ಮದುವೆಯ 100 ಜಿಬಿ ಫುಟೇಜ್ ಅದಕ್ಕೆ ಏರಲು ಸುಮಾರು ಕಾಲು ಗಂಟೆ ಬೇಕು. ಪೆಟ್ಟಿಗೆಯ ಹಿಂಭಾಗದಲ್ಲಿ ಒಂದೊಂದು ಗಿಗಾಬಿಟ್‌ನ ಎರಡು ಪೋರ್ಟ್‌ಗಳಿವೆ. ಸೆಟ್ಟಿಂಗ್ಸ್ ತೆರೆದರೆ ಲಿಂಕ್ ಅಗ್ರಿಗೇಶನ್ ಎಂಬ ಆಯ್ಕೆ ಇದೆ, ಅದರ ಪಕ್ಕದಲ್ಲೇ ಜಂಬೊ ಫ್ರೇಮ್ ಇದೆ. ಎರಡು ಪೋರ್ಟ್ ಸೇರಿಸಿದರೆ ಎರಡು ಗಿಗಾಬಿಟ್, ಅಂದಮೇಲೆ ಏಳೂವರೆ ನಿಮಿಷದಲ್ಲಿ ಕೆಲಸ ಮುಗಿಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಎರಡನ್ನೂ ಆನ್ ಮಾಡಿದ ಮೇಲೂ ಕಾಲು ಗಂಟೆ ಕಾಲು ಗಂಟೆಯಾಗಿಯೇ ಉಳಿಯುತ್ತದೆ.

ಮೊದಲ ಕಾರಣ ಕಣ್ಣಿಗೆ ಕಾಣುವಂಥದ್ದು. ಎರಡು ಕೇಬಲ್ ಇರುವುದು ನ್ಯಾಸ್ ಮತ್ತು ಸ್ವಿಚ್‌ನ ನಡುವೆ. ಸ್ವಿಚ್‌ನಿಂದ ಎಡಿಟಿಂಗ್ ಕಂಪ್ಯೂಟರ್‌ಗೆ ಬರುವುದು ಒಂದೇ ಕೇಬಲ್, ಅದರ ಮಿತಿ ಒಂದು ಗಿಗಾಬಿಟ್. ಹಾಗಾದರೆ ಕಂಪ್ಯೂಟರ್‌ಗೂ ಎರಡು ಪೋರ್ಟ್‌ನ ಕಾರ್ಡ್ ಹಾಕಿಸಿ, ಅಲ್ಲೂ ಎರಡನ್ನು ಸೇರಿಸಿದರೆ? ಆಗಲೂ ಒಂದು ಫೈಲಿನ ಕಾಪಿ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ. ನಿಜವಾಗಿ ತಿಳಿಯಬೇಕಾದದ್ದು ಇದರ ಕಾರಣ.

ನೆಟ್‌ವರ್ಕ್‌ನಲ್ಲಿ ಫೈಲು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಸಾಗುತ್ತದೆ. ಒಂದೇ ಕಾಪಿಯ ಪ್ಯಾಕೆಟ್‌ಗಳನ್ನು ಎರಡು ಕೇಬಲ್‌ಗೆ ಹಂಚಿದರೆ, ಹಿಂದೆ ಹೊರಟದ್ದು ಮುಂದೆ ತಲುಪಬಹುದು. ಅತ್ತ ಕಾಯುತ್ತಿರುವ ಟಿಸಿಪಿಗೆ ನಡುವಿನ ಪ್ಯಾಕೆಟ್ ಕಾಣದಿದ್ದರೆ ಅದು ಕಳೆದುಹೋಗಿದೆ ಎಂದೇ ತೋರುತ್ತದೆ. ಅದು ಮತ್ತೆ ಕಳಿಸಲು ಕೇಳುತ್ತದೆ, ಕಳಿಸುವವನು ವೇಗ ತಗ್ಗಿಸುತ್ತಾನೆ. ಈ ಗೊಂದಲ ಬೇಡವೆಂದೇ 2000ದಲ್ಲಿ ಬಂದ 802.3ad ಎಂಬ ಮಾನದಂಡ ಒಂದು ಸಂಭಾಷಣೆಯ ಫ್ರೇಮ್‌ಗಳ ಕ್ರಮ ಕೆಡಬಾರದು ಎಂದು ವಿಧಿಸಿತು. ಅದನ್ನು ಪಾಲಿಸುವ ಸರಳ ದಾರಿ, ಒಂದು ಸಂಭಾಷಣೆಗೆ ಒಂದೇ ಕೇಬಲ್.

ಯಾವ ಕೇಬಲ್ ಎಂಬುದನ್ನು ಕಳಿಸುವ ಕಡೆಯ ಯಂತ್ರ ಲೆಕ್ಕ ಹಾಕಿ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಎರಡೂ ಕಡೆಯ ಮ್ಯಾಕ್ ವಿಳಾಸಗಳನ್ನು ಬೆರೆಸಿ ಬಂದ ಸಂಖ್ಯೆಯೇ ಕೇಬಲ್ ಆರಿಸುತ್ತದೆ. ನಿಮ್ಮ ಕಂಪ್ಯೂಟರ್ ಮತ್ತು ನಿಮ್ಮ ನ್ಯಾಸ್ ಬದಲಾಗುವುದಿಲ್ಲ, ಆದ್ದರಿಂದ ಉತ್ತರವೂ ಬದಲಾಗುವುದಿಲ್ಲ. ಲೆಕ್ಕಕ್ಕೆ ಐಪಿ ವಿಳಾಸ, ಪೋರ್ಟ್ ಸಂಖ್ಯೆಗಳನ್ನು ಸೇರಿಸುವ ಆಯ್ಕೆ ಉಂಟು. ಆದರೆ ಒಂದೇ ಟಿಸಿಪಿ ಸಂಪರ್ಕದಲ್ಲಿ ನಡೆಯುವ ಕಾಪಿಗೆ ಅವೂ ಸ್ಥಿರವೇ. ಫೈಲು ಓದುವಾಗ ಈ ಲೆಕ್ಕ ನ್ಯಾಸ್‌ನದು, ಬರೆಯುವಾಗ ಸ್ವಿಚ್‌ನದು. ಹಾಗಾಗಿ ನ್ಯಾಸ್‌ನಲ್ಲಿ ಮಾತ್ರ ಏನು ಬದಲಿಸಿದರೂ ಬರೆಯುವ ದಿಕ್ಕಿನಲ್ಲಿ ಅದರ ಮಾತು ನಡೆಯುವುದಿಲ್ಲ.

ಹಾಗಾದರೆ ಇದು ಯಾರಿಗೆ ಬೇಕು? ಐದಾರು ಮಂದಿ ಏಕಕಾಲಕ್ಕೆ ಒಂದೇ ನ್ಯಾಸ್‌ನಿಂದ ಫುಟೇಜ್ ಎಳೆಯುವ ಸ್ಟುಡಿಯೊಗೆ ಬೇಕು. ಅಲ್ಲಿ ಸಂಭಾಷಣೆಗಳು ಹಲವು, ಹಂಚಿಕೆಯಾಗುತ್ತವೆ. ಇಬ್ಬರೇ ಇದ್ದರೆ ಇಬ್ಬರ ಲೆಕ್ಕವೂ ಒಂದೇ ಕೇಬಲ್‌ಗೆ ಬೀಳುವುದೂ ಉಂಟು. ಒಬ್ಬರೇ ಬಳಸುವ ಮನೆಯಲ್ಲಿ ಉಳಿಯುವ ನಿಜವಾದ ಲಾಭ ಒಂದೇ: ಒಂದು ಕೇಬಲ್ ಕಿತ್ತುಬಂದರೂ ಇನ್ನೊಂದು ಕೆಲಸ ಮುಂದುವರಿಸುತ್ತದೆ. ನನ್ನ ಮಟ್ಟಿಗೆ ಅಷ್ಟಕ್ಕಾಗಿ ಮ್ಯಾನೇಜ್ಡ್ ಸ್ವಿಚ್ ಕೊಳ್ಳುವ ಅಗತ್ಯ ಮನೆಯಲ್ಲಿಲ್ಲ.

ಇನ್ನು ಜಂಬೊ ಫ್ರೇಮ್. ಈಥರ್ನೆಟ್‌ನ ಒಂದು ಫ್ರೇಮ್ ಸಾಮಾನ್ಯವಾಗಿ 1500 ಬೈಟ್ ಹೊರುತ್ತದೆ, ಜಂಬೊ ಮಾಡಿದರೆ 9000. ಪ್ರತಿ ಫ್ರೇಮ್‌ಗೂ ವಿಳಾಸ, ತಪಾಸಣೆ, ನಡುವಿನ ಬಿಡುವು ಎಂದು ತಂತಿಯ ಮೇಲೆ 38 ಬೈಟ್ ಹೆಚ್ಚುವರಿ ಖರ್ಚಿದೆ, ಒಳಗಿನ ಐಪಿ ಮತ್ತು ಟಿಸಿಪಿ ತಲೆಬರಹಕ್ಕೆ ಕನಿಷ್ಠ 40 ಬೈಟ್ ಹೋಗುತ್ತದೆ. ಅಂದರೆ ಮಾಮೂಲಿ ಫ್ರೇಮ್‌ನಲ್ಲಿ ತಂತಿಯ ಮೇಲಿನ 1538 ಬೈಟ್‌ಗೆ 1460 ಬೈಟ್ ನಿಮ್ಮ ಫೈಲು, ಜಂಬೊದಲ್ಲಿ 9038ಕ್ಕೆ 8960. ಒಂದು ಗಿಗಾಬಿಟ್ ಎಂದರೆ ಸೆಕೆಂಡಿಗೆ 125 ಎಂಬಿ. ಅದರಲ್ಲಿ ಮೊದಲನೆಯದು ಸುಮಾರು 118.7 ಎಂಬಿ ದಕ್ಕಿಸಿದರೆ, ಎರಡನೆಯದು ಸುಮಾರು 123.9. ನಮ್ಮ 100 ಜಿಬಿ ಫುಟೇಜ್‌ಗೆ ಅನ್ವಯಿಸಿದರೆ ಹದಿನಾಲ್ಕು ನಿಮಿಷದಲ್ಲಿ ಮುಕ್ಕಾಲು ನಿಮಿಷವೂ ಉಳಿಯುವುದಿಲ್ಲ, ಅದೂ ಬೇರೆಲ್ಲೂ ತಡೆಯಿಲ್ಲದಿದ್ದರೆ.

ಜಂಬೊಗೆ ಹಿಂದೆ ಇನ್ನೊಂದು ಸಮರ್ಥನೆ ಇತ್ತು. ಸೆಕೆಂಡಿಗೆ 81 ಸಾವಿರ ಫ್ರೇಮ್ ಬದಲು 14 ಸಾವಿರದಷ್ಟೇ ಆದ್ದರಿಂದ ಪ್ರೊಸೆಸರ್‌ಗೆ ಕೆಲಸ ಕಡಿಮೆ. ಈಗಿನ ನೆಟ್‌ವರ್ಕ್ ಚಿಪ್‌ಗಳು ದೊಡ್ಡ ತುಂಡನ್ನು ತಾವೇ ಫ್ರೇಮ್‌ಗಳಾಗಿ ಕತ್ತರಿಸಿ ಕಳಿಸುತ್ತವೆ, ಬಂದದ್ದನ್ನು ಒಟ್ಟುಗೂಡಿಸಿ ಪ್ರೊಸೆಸರ್‌ಗೆ ಒಪ್ಪಿಸುವ ವ್ಯವಸ್ಥೆಯೂ ಇದೆ. ಗಿಗಾಬಿಟ್ ವೇಗದಲ್ಲಿ ಆ ಉಳಿತಾಯ ಕಣ್ಣಿಗೆ ಬೀಳುವುದು ತೀರಾ ಬಡಪಾಯಿ ಪ್ರೊಸೆಸರ್ ಇದ್ದಾಗ ಮಾತ್ರ.

ಲಾಭ ಇಷ್ಟು ಚಿಕ್ಕದಾಗಿದ್ದರೂ ತೊಂದರೆ ದೊಡ್ಡದಾಗಬಹುದು. ಎರಡು ತುದಿಗಳಲ್ಲಿ 9000 ಇದ್ದು ನಡುವಿನ ಸ್ವಿಚ್ ಒಪ್ಪದಿದ್ದರೆ, ಅದು ದೊಡ್ಡ ಫ್ರೇಮ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ. ಸಣ್ಣ ಪ್ಯಾಕೆಟ್‌ಗಳು ಹೋಗಿಬರುತ್ತಲೇ ಇರುವುದರಿಂದ ಲಾಗಿನ್ ಆಗುತ್ತದೆ, ಫೋಲ್ಡರ್‌ಗಳೂ ಕಾಣಬಹುದು, ಕಾಪಿ ಮಾತ್ರ ಶುರುವಾಗಿ ಅಲ್ಲೇ ನಿಂತುಬಿಡುತ್ತದೆ. ಡಿಸ್ಕ್ ಕೆಟ್ಟಿತೆಂದು ಅನುಮಾನಿಸುವ ಮೊದಲು ವಿಂಡೋಸ್‌ನಲ್ಲಿ ಇದನ್ನು ಓಡಿಸಿ (ಐಪಿ ವಿಳಾಸ ನಿಮ್ಮ ನ್ಯಾಸ್‌ನದಿರಲಿ):

```
ping -f -l 8972 192.168.1.20
```

9000ದಲ್ಲಿ ತಲೆಬರಹದ 28 ಕಳೆದರೆ 8972. ತುಂಡು ಮಾಡದೆ ಕಳಿಸು ಎಂದು ಹೇಳುವುದು `-f`. ಉತ್ತರ ಬಂದರೆ ದಾರಿ ಪೂರ್ತಿ ಸರಿಯಿದೆ. 8972ಕ್ಕೆ ಬಾರದೆ 1472ಕ್ಕೆ ಬಂದರೆ ದಾರಿಯಲ್ಲಿ ಯಾರೋ ಜಂಬೊ ಒಪ್ಪುತ್ತಿಲ್ಲ.

ನಿಜವಾಗಿ ಎಲ್ಲಿ ಬಿಗಿದಿದೆ ಎಂದು ತಿಳಿಯಲು ಡಿಸ್ಕ್ ಬಿಟ್ಟು ಕೇಬಲ್ ಒಂದನ್ನೇ ಅಳೆಯಬೇಕು. ನ್ಯಾಸ್‌ನಲ್ಲಿ `iperf3 -s` ಓಡಿಸಿ, ಕಂಪ್ಯೂಟರ್‌ನಲ್ಲಿ `iperf3 -c 192.168.1.20` ಕೊಡಿ. 940 ಮೆಗಾಬಿಟ್‌ನ ಆಸುಪಾಸು ಬಂದರೆ ಗಿಗಾಬಿಟ್ ಕೇಬಲ್ ತನ್ನ ಪೂರ್ಣ ಶಕ್ತಿಯಲ್ಲಿದೆ, ಅಲ್ಲಿ ಸರಿಪಡಿಸಲು ಏನೂ ಉಳಿದಿಲ್ಲ. 1000 ಬರಲಿಲ್ಲವೆಂದು ಕೊರಗಬೇಕಾಗಿಲ್ಲ, ಕೊರತೆಯಾದದ್ದು ಮೇಲೆ ಹೇಳಿದ ತಲೆಬರಹಗಳ ಖರ್ಚು.

ಅಲ್ಲಿಂದ ಮುಂದೆ ಒಬ್ಬರಿಗೆ ವೇಗ ಹೆಚ್ಚಿಸುವ ದಾರಿ ಎರಡು. ಎರಡೂ ಕಡೆ ಎರಡೆರಡು ಪೋರ್ಟ್ ಇದ್ದರೆ ಲಿಂಕ್ ಅಗ್ರಿಗೇಶನ್ ತೆಗೆದು, ಪೋರ್ಟ್‌ಗಳನ್ನು ಬಿಡಿಬಿಡಿಯಾಗಿಟ್ಟು, ಎಸ್‌ಎಂಬಿ ಮಲ್ಟಿಚಾನೆಲ್ ಆನ್ ಮಾಡುವುದು ಒಂದು. ಇಲ್ಲಿ ಫೈಲ್ ಹಂಚಿಕೆಯ ಎಸ್‌ಎಂಬಿಯೇ ಹಲವು ಟಿಸಿಪಿ ಸಂಪರ್ಕ ತೆರೆದು ಒಂದೇ ಫೈಲನ್ನು ಅವುಗಳಿಗೆ ಹಂಚುತ್ತದೆ, ಪ್ರತಿ ಸಂಪರ್ಕದೊಳಗೂ ಕ್ರಮ ಕೆಡುವುದಿಲ್ಲ. ವಿಂಡೋಸ್ 8ರಿಂದ ಇದು ಇದೆ. ಕಾಪಿ ನಡೆಯುತ್ತಿರುವಾಗ ಪವರ್‌ಶೆಲ್‌ನಲ್ಲಿ `Get-SmbMultichannelConnection` ಕೊಟ್ಟರೆ ಎರಡು ದಾರಿಗಳೂ ಸಾಲಾಗಿ ಕಾಣಬೇಕು. ಇನ್ನೊಂದು, ನಾನು ಮೊದಲು ಸೂಚಿಸುವುದು, ಎರಡೂವರೆ ಗಿಗಾಬಿಟ್‌ಗೆ ಬದಲಾಗುವುದು. ನ್ಯಾಸ್, ಸ್ವಿಚ್, ಕಂಪ್ಯೂಟರ್ ಮೂರೂ ಒಪ್ಪಬೇಕು. ಗೋಡೆಯೊಳಗಿನ ಹಳೆಯ ಕ್ಯಾಟ್ 5ಇ ಕೇಬಲ್ ಸಾಕು, 100 ಮೀಟರ್‌ವರೆಗೆ ನಡೆಯುತ್ತದೆ. ಸೆಕೆಂಡಿಗೆ 280 ಎಂಬಿ ಸಿಕ್ಕರೂ ನಮ್ಮ ಫುಟೇಜ್ ಆರು ನಿಮಿಷದಲ್ಲಿ ಏರುತ್ತದೆ.

ಅಷ್ಟು ವೇಗ ಬಂದೊಡನೆ ತಡೆ ಡಿಸ್ಕ್‌ಗಳಿಗೆ ಜಾರುತ್ತದೆ. ಒಂಟಿ ಹಾರ್ಡ್ ಡಿಸ್ಕ್ ತುಂಬುತ್ತಾ ಒಳಗಿನ ವೃತ್ತಗಳಿಗೆ ಬಂದಂತೆ ಅದರ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಹಲವು ಡಿಸ್ಕ್‌ಗಳ ರೇಡ್ ಇದ್ದರೇ ಎರಡೂವರೆ ಗಿಗಾಬಿಟ್ ತುಂಬಿ ಹರಿಯುವುದು. ಸಾವಿರಾರು ಸಣ್ಣ ಫೋಟೊಗಳನ್ನು ಕಳಿಸುವಾಗಲಂತೂ ಪ್ರತಿ ಫೈಲನ್ನು ತೆರೆದು, ಬರೆದು, ಮುಚ್ಚುವ ಮಾತುಕತೆಯಲ್ಲೇ ಸಮಯ ಹೋಗುತ್ತದೆ. ಅಲ್ಲಿ ಯಾವ ಕೇಬಲ್ಲೂ ಹೆಚ್ಚು ಉಪಯೋಗಕ್ಕೆ ಬಾರದು. ಇಡೀ ಫೋಲ್ಡರನ್ನು ಸಂಕುಚಿಸದೆ ಒಂದೇ ಜಿಪ್ ಫೈಲಾಗಿ ಕಟ್ಟಿ ಕಳಿಸಿದರೆ ಬೇಗ ತಲುಪುತ್ತದೆ.