ಕುಸಿದು ಬಿದ್ದ ನಾಯಿ, ಹೊಟ್ಟೆಯೊಳಗೆ ರಕ್ತ: ಸ್ಕ್ಯಾನ್ ನೋಡಿ ಎಷ್ಟು ಹೇಳಬಹುದು?

ಕೆ.ಆರ್. ಪುರದಿಂದ ಆಟೋದಲ್ಲಿ ಬಂದಿದ್ದರು. ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಿ ಇಂದಿರಾನಗರದ ನಮ್ಮ ಕ್ಲಿನಿಕ್ ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಹನ್ನೊಂದು ವರ್ಷದ ಲ್ಯಾಬ್ರಡಾರ್ ಮಿಕ್ಸ್ ನಾಯಿ, ಕಾಲೇಜು ಓದುವ ಹುಡುಗಿಯ ತೊಡೆ ಮೇಲೆ ಮಲಗಿತ್ತು. "ಬೆಳಗ್ಗೆ ಚೆನ್ನಾಗಿ ತಿಂತು ಡಾಕ್ಟ್ರೇ, ಗೇಟ್ ಹತ್ರ ಹೋಗಿ ಹಾಗೇ ಬಿದ್ದುಬಿಡ್ತು" ಅಂದರು ಅವಳ ಅಪ್ಪ. ಶಿವಾಜಿನಗರದಲ್ಲಿ ಟೈಲರ್ ಕೆಲಸ ಮಾಡುವವರು.

ತುಟಿ ಎತ್ತಿ ನೋಡಿದೆ. ಒಸಡು ಗುಲಾಬಿ ಇರಬೇಕಿತ್ತು, ಬಿಳಿ ಕಾಗದದಂತಿತ್ತು. ಹೃದಯ ನಿಮಿಷಕ್ಕೆ 170 ಸಲ ಬಡಿಯುತ್ತಿತ್ತು. ಎರಡು ವಾರದ ಹಿಂದೆಯೂ ಒಮ್ಮೆ ಸುಸ್ತಾಗಿ ಮಲಗಿ, ಮಾರನೇ ದಿನ ಸರಿಹೋಗಿತ್ತಂತೆ. "ಬಿಸಿಲಿಗೆ ಅಂದ್ಕೊಂಡ್ವಿ" ಎಂದಳು ಹುಡುಗಿ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಒಳಗಿನ ಗಡ್ಡೆ ಸ್ವಲ್ಪ ಸೋರಿ ತಾನಾಗಿಯೇ ನಿಂತರೆ, ಸೋರಿದ ರಕ್ತವನ್ನು ದೇಹ ಮತ್ತೆ ಹೀರಿಕೊಳ್ಳುತ್ತದೆ. ನಾಯಿ ಎದ್ದು ಓಡಾಡುತ್ತದೆ. ಮುಂದಿನ ಸಲ ಸೋರಿಕೆ ನಿಲ್ಲದೇ ಇರಬಹುದು.

ಸ್ಕ್ಯಾನ್‌ನಲ್ಲಿ ದ್ರವ ಕಪ್ಪಾಗಿ ಕಾಣುತ್ತದೆ. ಪಿತ್ತಜನಕಾಂಗದ ಅಂಚಿನಲ್ಲಿ, ಮೂತ್ರಕೋಶದ ಸುತ್ತ, ಕರುಳಿನ ಸುರುಳಿಗಳ ನಡುವೆ ಕಪ್ಪು ತ್ರಿಕೋನಗಳು ಕಂಡವು. ಎಡಗಡೆಯ ಗುಲ್ಮದಲ್ಲಿ ಸುಮಾರು ಏಳು ಸೆಂಟಿಮೀಟರಿನ ಗಡ್ಡೆಯಿತ್ತು. ಗುಲ್ಮ ಅಂದರೆ ಸ್ಪ್ಲೀನ್, ರಕ್ತವನ್ನು ಸೋಸಿ, ಒಂದಿಷ್ಟನ್ನು ಕೂಡಿಟ್ಟುಕೊಳ್ಳುವ ಅಂಗ. ಗಡ್ಡೆ ಒಂದೇ ಬಣ್ಣದಲ್ಲಿರಲಿಲ್ಲ. ಬೂದು ಅಂಗಾಂಶದ ಮಧ್ಯೆ ಕಪ್ಪು ಗುಳಿಗಳಿದ್ದವು. ನಮ್ಮೂರಲ್ಲಿ ಉಣ್ಣೆ ಹುಳದಿಂದ ಬರುವ ಟಿಕ್ ಫೀವರ್‌ನಲ್ಲೂ ಗುಲ್ಮ ಊದುತ್ತದೆ. ಆದರೆ ಸಾಮಾನ್ಯವಾಗಿ ಇಡೀ ಅಂಗವೇ ಊದುತ್ತದೆ, ಹೀಗೆ ಒಂದು ಕಡೆ ಉಂಡೆ ಕಟ್ಟುವುದಿಲ್ಲ.

ಸೂಜಿ ಹಾಕಿ ದ್ರವ ತೆಗೆದೆವು. ಅದು ರಕ್ತವೇ. ಟ್ಯೂಬಿನಲ್ಲಿ ಬಿಟ್ಟರೂ ಹೆಪ್ಪುಗಟ್ಟಲಿಲ್ಲ. ಅಪ್ಪಿತಪ್ಪಿ ರಕ್ತನಾಳಕ್ಕೋ ಗುಲ್ಮಕ್ಕೋ ಸೂಜಿ ಚುಚ್ಚಿದ್ದರೆ ಹೆಪ್ಪುಗಟ್ಟುತ್ತಿತ್ತು. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ಅಳೆದರೆ, ಕಾಲಿನ ರಕ್ತದಲ್ಲಿ ಶೇ. 24, ಹೊಟ್ಟೆಯದರಲ್ಲಿ ಶೇ. 26. ಆರೋಗ್ಯವಂತ ನಾಯಿಯಲ್ಲಿ ಸಾಮಾನ್ಯವಾಗಿ 37ಕ್ಕಿಂತ ಹೆಚ್ಚಿರುತ್ತದೆ. ಇದು ಹೊಸ ಸೋರಿಕೆ.

ಅಪ್ಪ ಕೇಳಿದರು: "ಕ್ಯಾನ್ಸರಾ ಡಾಕ್ಟ್ರೇ?"

ಇಲ್ಲಿಯೇ ನಾವು ಡಾಕ್ಟರುಗಳು ಎಡವುವುದು. ಸ್ಕ್ಯಾನ್ ನೋಡಿ "ಹೌದು" ಎಂದುಬಿಟ್ಟರೆ, ಆ ಕ್ಷಣವೇ ನೋವಿಲ್ಲದ ಸಾವಿನ ಇಂಜೆಕ್ಷನ್ ಮಾತು ಶುರುವಾಗುತ್ತದೆ. ಸ್ಥೂಲ ಲೆಕ್ಕ ಹೀಗಿದೆ: ಪೆಟ್ಟು ಬೀಳದೆಯೂ ಗುಲ್ಮದ ಗಡ್ಡೆಯಿಂದ ರಕ್ತ ಸೋರಿ ಬರುವ ನಾಯಿಗಳಲ್ಲಿ ಮೂರರಲ್ಲಿ ಎರಡಕ್ಕೆ ಕ್ಯಾನ್ಸರ್. ಅದರಲ್ಲೂ ಹೆಚ್ಚಿನದು ಹೆಮಾಂಜಿಯೋಸಾರ್ಕೋಮಾ, ರಕ್ತನಾಳದ ಒಳಪದರದ ಕೋಶಗಳ ಕ್ಯಾನ್ಸರ್. ಆ ಕೋಶಗಳು ಕಟ್ಟುವ ನಾಳಗಳು ಒಡಕಲು, ಸುಲಭವಾಗಿ ಹರಿಯುತ್ತವೆ. ಆದರೆ ಮೂರನೆಯ ನಾಯಿಯದು ಬರೀ ಹೆಪ್ಪುಗಟ್ಟಿದ ರಕ್ತದ ಉಂಡೆ, ಅಂದರೆ ಹೆಮಟೋಮ ಇರಬಹುದು. ಗುಲ್ಮ ತೆಗೆದರೆ ಅದು ಪೂರ್ತಿ ಗುಣ. ತೊಂದರೆ ಏನೆಂದರೆ, ಎರಡೂ ಸ್ಕ್ಯಾನ್‌ನಲ್ಲಿ ಒಂದೇ ಥರ ಕಾಣುತ್ತವೆ, ಅದೇ ಬೂದು, ಅದೇ ಕಪ್ಪು ಗುಳಿ. ಸೋರುತ್ತಿರುವ ಗಡ್ಡೆಗೆ ಸೂಜಿ ಹಾಕಿ ಪರೀಕ್ಷಿಸುವುದೂ ಅಪಾಯ. ಬಂದರೂ ಬರೀ ರಕ್ತ ಬರುತ್ತದೆ.

ಸ್ಕ್ಯಾನ್‌ನಿಂದ ಹುಡುಕಬಹುದಾದದ್ದು ಹರಡಿದ ಗುರುತುಗಳನ್ನು. ಹೃದಯದ ಬಲ ಮೇಲ್ಗೋಣೆಯಲ್ಲಿ ಗಡ್ಡೆ, ಹೃದಯದ ಸುತ್ತ ನೀರು ಇರಲಿಲ್ಲ. ಎದೆಯ ಎಕ್ಸ್-ರೇ ಸ್ವಚ್ಛವಿತ್ತು. ಪಿತ್ತಜನಕಾಂಗದಲ್ಲಿ ಮಾತ್ರ ಎರಡು ಸಣ್ಣ ಗಂಟು. ನನಗೂ ಆಸೆ ಅರ್ಧ ಕುಸಿಯಿತು.

ಮೂರರ ಲೆಕ್ಕವನ್ನು ಇದ್ದ ಹಾಗೆ ಹೇಳಿದೆ. ಕ್ಯಾನ್ಸರೇ ಆದರೆ ಆಪರೇಷನ್ ಒಂದರಿಂದಲೇ ಸಿಗುವುದು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕಿಮೋ ಸೇರಿಸಿದರೆ ನಾಲ್ಕರಿಂದ ಆರು ಅಂತಲೂ ಹೇಳಿದೆ. ಖರ್ಚು ಹೇಳಿದಾಗ ಅಪ್ಪ ಮಗಳ ಮುಖ ನೋಡಿದರು. ಅವಳ ಸೆಮಿಸ್ಟರ್ ಫೀಸ್ ಕಟ್ಟುವ ತಿಂಗಳು ಅದು. ಅವಳೇ "ಮಾಡಿ" ಎಂದಳು.

ಹಲಸೂರಿನ ಒಬ್ಬರು ತಮ್ಮ ನಾಯಿಯನ್ನು ರಕ್ತ ಕೊಡಿಸಲು ತಂದರು. ಗುಲ್ಮ ತೆಗೆದೆವು. ಹೊಟ್ಟೆಯಲ್ಲಿ ಲೀಟರಿಗೂ ಹೆಚ್ಚು ರಕ್ತವಿತ್ತು. ಪಿತ್ತಜನಕಾಂಗದ ಗಂಟಿನ ತುಣುಕನ್ನೂ ಲ್ಯಾಬಿಗೆ ಕಳಿಸಿದೆವು. ಗುಲ್ಮವನ್ನು ಇಡಿಯಾಗಿ ಕಳಿಸಬೇಕು. ಗಡ್ಡೆಯ ಹೆಚ್ಚಿನ ಭಾಗ ಹೆಪ್ಪುಗಟ್ಟಿದ ರಕ್ತವೇ ಆಗಿರುವುದರಿಂದ, ಒಂದೇ ಚೂರು ಕಳಿಸಿದರೆ ಕ್ಯಾನ್ಸರ್ ಇರುವ ಜಾಗ ತಪ್ಪಿಹೋಗಬಹುದು.

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಪಿತ್ತಜನಕಾಂಗದ ಗಂಟುಗಳು ವಯಸ್ಸಾದ ನಾಯಿಗಳಲ್ಲಿ ಸಾಮಾನ್ಯವಾದ, ನಿರುಪದ್ರವಿ ಬೆಳವಣಿಗೆ. ನಾನು ಹೆದರಿದ್ದು ಅಲ್ಲಿ ಸುಳ್ಳಾಯಿತು. ಗುಲ್ಮದ್ದು ಹೆಮಾಂಜಿಯೋಸಾರ್ಕೋಮಾ. ಕಿಮೋ ಬೇಡ ಎಂದರು. ನಾಯಿ ಹನ್ನೊಂದು ವಾರ ಬದುಕಿತು, ಹತ್ತು ವಾರ ಗೇಟಿನವರೆಗೆ ಓಡಾಡಿಕೊಂಡು. ಕೊನೆಗೆ ಮತ್ತೆ ರಕ್ತ ಸೋರಿತು. ಆ ಸಲ ಬಂದಾಗ ಅಪ್ಪ ಏನೂ ಕೇಳಲಿಲ್ಲ. ಹುಡುಗಿ ಮಾತ್ರ, "ಒಸಡು ನಾನೇ ನೋಡಿದೆ ಡಾಕ್ಟ್ರೇ, ಬಿಳಿ ಆಗಿತ್ತು" ಎಂದಳು.