ಕನಸಿನೊಳಗಿನ ನಾಲ್ಕು ಮಂದಿ

ಕನಸು ಒಬ್ಬರೇ ಕಾಣುವ ನೋಟ. ಪಕ್ಕದಲ್ಲಿ ಮಲಗಿದವರಿಗೂ ಅದು ಗೋಚರಿಸದು. ಆದರೂ ಕೆಲವೊಮ್ಮೆ ಆ ಏಕಾಂತದೊಳಕ್ಕೆ ಮಂದಿ ನುಗ್ಗಿ ಬರುವುದುಂಟು. ಅವರು ನಮ್ಮನ್ನು ದಿಟ್ಟಿಸುತ್ತಾರೆ, ಹಿಂಬಾಲಿಸುತ್ತಾರೆ, ಈಗೀಗ ಮೊಬೈಲು ಎತ್ತಿ ಹಿಡಿದು ಚಿತ್ರವನ್ನೂ ತೆಗೆಯುತ್ತಾರೆ. ಈ ಒಂದು ಬಗೆಯ ಕನಸನ್ನು ಕುರಿತು ಕೆಲವು ಮಾತುಗಳನ್ನು ಕೇಳುಗರ ಮುಂದಿಡಬೇಕೆಂದಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಯಲಬುರ್ಗಾ ಸೀಮೆಯ ಶಾಲೆಯೊಂದರಲ್ಲಿ ಅಧ್ಯಾಪಕಿಯಾಗಿದ್ದಾರೆ. ಹೆಸರು ಹೇಳದಿದ್ದರೆ ಆದೀತೆಂದು ಅವರು ಒಪ್ಪಿದ್ದರಿಂದ ಅವರ ಕನಸನ್ನು ಇಲ್ಲಿ ಹೇಳುತ್ತಿದ್ದೇನೆ. ಕೊಪ್ಪಳದ ಗವಿಮಠದ ಜಾತ್ರೆ. ತೇರು ಎಳೆಯುವ ಹೊತ್ತು. ಆದರೆ ನೆರೆದ ಜನವೆಲ್ಲ ತೇರಿಗೆ ಬೆನ್ನು ತಿರುಗಿಸಿ ಇವರನ್ನೇ ನೋಡುತ್ತಿದೆ. ಎಲ್ಲರ ಕೈಯಲ್ಲೂ ಮೊಬೈಲು. ಇವರು ನಡೆದರೆ ಜನವೂ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಓಡಬೇಕೆಂದರೆ ಕಾಲು ಕಿತ್ತಿಡಲಾಗದು. ಒಂದೇ ತಿಂಗಳಲ್ಲಿ ಮೂರು ಸಲ ಈ ಕನಸು ಬಿತ್ತಂತೆ. ಅಷ್ಟರಲ್ಲಿ ಅವರು ಶಾಲೆಯ ಸಮಾರಂಭಗಳಲ್ಲಿ ಮಾತನಾಡುವುದನ್ನು ಬಿಟ್ಟಿದ್ದರು. ಗಂಗಾವತಿಯ ಕವಿಗೋಷ್ಠಿಯೊಂದಕ್ಕೆ ಬಂದ ಕರೆಯನ್ನೂ ಬೇಡವೆಂದಿದ್ದರು. ಒಳ್ಳೆಯ ಕವಿತೆ ಬರೆಯುವ ಹೆಣ್ಣುಮಗಳು. ನನಗೆ ಕಳವಳವಾದದ್ದು ಆ ಕಾರಣಕ್ಕೆ.

“ಆ ಮಂದಿ ಏನಂದ್ರವ್ವಾ?” ಎಂದು ಕೇಳಿದೆ.

“ಏನೂ ಅನ್ನಲಿಲ್ರಿ ಸರ್. ಸುಮ್ಮನ ನೋಡಾಕ ಹತ್ತಿದ್ರು. ಅವರ ಮುಖಾನೂ ಸರಿಯಾಗಿ ಕಾಣಲಿಲ್ಲ.”

ಈ ಉತ್ತರದಲ್ಲಿಯೇ ಇಂಥ ಕನಸಿನ ಮುಖ್ಯ ಲಕ್ಷಣವಿದೆ. 1900ರ ಇಸವಿಯನ್ನು ಹೊತ್ತು ಪ್ರಕಟವಾದ ತಮ್ಮ ಸ್ವಪ್ನಗ್ರಂಥದಲ್ಲಿ ಸಿಗ್ಮಂಡ್ ಫ್ರಾಯ್ಡ್ ಇದನ್ನು ಗುರುತಿಸಿದ್ದರು. ಬಟ್ಟೆಯಿಲ್ಲದೆ ಪರರ ನಡುವೆ ನಿಂತಂತೆ ಕನಸು ಕಾಣುವವನಿಗೆ ನಾಚಿಕೆಯಿಂದ ಪ್ರಾಣ ಹೋದಂತಾಗುತ್ತದೆ; ಸುತ್ತಲಿನವರಾದರೋ ಬಹುಮಟ್ಟಿಗೆ ಮುಖ ನೆನಪುಳಿಯದ ಅಪರಿಚಿತರು, ಅವನ ಸ್ಥಿತಿಯನ್ನು ಗಮನಿಸದವರು. ನಾಚಿಕೆ ಒಂದು ಕಡೆ, ನೋಡುವವರು ಇನ್ನೊಂದು ಕಡೆ. ಇವೆರಡಕ್ಕೂ ಹೊಂದಿಕೆಯೇ ಇಲ್ಲ. ಶೈಶವದ ಬಯಕೆಯೇ ಇದರ ಮೂಲವೆಂದು ಫ್ರಾಯ್ಡ್ ವಿವರಿಸಿದರು. ಆ ವಿವರಣೆಯನ್ನು ಇಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಅವರು ಗಮನಿಸಿದ ಸಂಗತಿಯಾದರೋ ನಿಂತಿದೆ.

ಫ್ರಾಯ್ಡರು ತಮ್ಮ ಸ್ವಂತ ಕನಸೊಂದನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅರೆಬರೆ ಉಡುಪಿನಲ್ಲಿ ಮೆಟ್ಟಿಲು ಹತ್ತುತ್ತಿದ್ದಾರೆ. ಮೇಲಿನಿಂದ ಮನೆಗೆಲಸದವಳು ಇಳಿದು ಬರುತ್ತಾಳೆ. ನಾಚಿಕೆಯಾಗಿ ಅವಸರಪಡುವಷ್ಟರಲ್ಲಿ ಕಾಲು ಮೆಟ್ಟಿಲಿಗೆ ಅಂಟಿಕೊಂಡು ಬಿಡುತ್ತದೆ. ಇದರ ಬೇರು ಎಲ್ಲಿತ್ತು? ಅವರು ದಿನವೂ ಹೋಗುತ್ತಿದ್ದ ವೃದ್ಧ ರೋಗಿಯೊಬ್ಬಳ ಮನೆಯ ಮೆಟ್ಟಿಲ ಮೇಲೆ ಉಗುಳುವ ಅಭ್ಯಾಸ ಅವರಿಗಿತ್ತು. ಅದಕ್ಕಾಗಿ ಕಾವಲುಗಾರ್ತಿ ಸಿಡುಕುತ್ತಿದ್ದಳು. ಕನಸಿನ ಹಿಂದಿನ ದಿನ ಆ ಮನೆಯ ಕೆಲಸದವಳು, ಬೂಟು ಒರೆಸದೆ ಬಂದು ಕೆಂಪು ಜಮಖಾನೆಯನ್ನು ಕೊಳೆ ಮಾಡಿದಿರೆಂದು ಆಕ್ಷೇಪಿಸಿದ್ದಳು. ಹಗಲಿನ ಒಂದು ಚಿಕ್ಕ ಆಕ್ಷೇಪಣೆ ಇರುಳಿನಲ್ಲಿ ಅಷ್ಟು ದೊಡ್ಡ ಅವಮಾನವಾಗಿ ಬೆಳೆಯಿತು.

ನಮ್ಮ ಚರಕ ಸಂಹಿತೆ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಮೊದಲ ಮೂರು ದೃಷ್ಟ, ಶ್ರುತ, ಅನುಭೂತ. ಎಂದರೆ ಕಂಡದ್ದು, ಕೇಳಿದ್ದು, ಅನುಭವಿಸಿದ್ದು. ಅಧ್ಯಾಪಕಿಯ ಕನಸಿನಲ್ಲಿ ಈ ಮೂರೂ ಕೂಡಿದ್ದವು. ಜಾತ್ರೆಯ ಜನಸಂದಣಿ ಅವರು ಬಾಲ್ಯದಿಂದ ಕಂಡದ್ದು. “ನಾಲ್ಕು ಮಂದಿ ಏನಂದಾರು?” ಎಂಬುದು ಮನೆಯಲ್ಲಿ ಸದಾ ಕೇಳಿದ್ದು. ಅನುಭವಿಸಿದ್ದು ಯಾವುದೆಂದು ವಿಚಾರಿಸಿದಾಗ ಹೊರಬಿತ್ತು: ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣ ಮಾಡುವಾಗ ಅತಿಥಿಯೊಬ್ಬರ ಹೆಸರು ಮರೆತು ತಡವರಿಸಿದ್ದರು. ಅದನ್ನು ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿ ಪಾಲಕರ ಗುಂಪಿಗೆ ಕಳಿಸಿದ್ದರು.

ಹೀಗೆ ಹಿಗ್ಗುವುದೇಕೆ? ಕಣ್ಣಾಲಿಗಳು ರೆಪ್ಪೆಯ ಕೆಳಗೆ ಚುರುಕಾಗಿ ಚಲಿಸುವ ನಿದ್ರೆಯ ಘಟ್ಟವೊಂದನ್ನು ಅಮೆರಿಕದ ಸಂಶೋಧಕರು 1953ರಲ್ಲಿ ವರದಿ ಮಾಡಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆ ಘಟ್ಟದಲ್ಲಿ. ಆಗ ಮಿದುಳಿನಲ್ಲಿ ಭಯ, ಲಜ್ಜೆಯಂಥ ಭಾವಗಳಿಗೆ ಸಂಬಂಧಿಸಿದ ಭಾಗಗಳು ಎಚ್ಚತ್ತಿರುತ್ತವೆ. ‘ಇದು ಆಗುವ ಮಾತೇ?’ ಎಂದು ಪರೀಕ್ಷಿಸುವ ಮುಂಭಾಗ ಮಂದವಾಗಿರುತ್ತದೆ. ಆದ್ದರಿಂದಲೇ ಜಾತ್ರೆಯ ಜನ ತೇರನ್ನು ಬಿಟ್ಟು ನಮ್ಮನ್ನೇಕೆ ನೋಡಬೇಕೆಂಬ ಸರಳ ಪ್ರಶ್ನೆ ಕನಸಿನಲ್ಲಿ ಏಳುವುದಿಲ್ಲ.

ಎಚ್ಚರದಲ್ಲಿಯೂ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬನಿಗೆ ಗಾಯಕನೊಬ್ಬನ ಚಿತ್ರವಿರುವ, ತೊಡಲು ಮುಜುಗರವಾಗುವಂಥ ಅಂಗಿಯನ್ನು ತೊಡಿಸುವುದು. ಬೇರೆ ವಿದ್ಯಾರ್ಥಿಗಳು ಕುಳಿತ ಕೋಣೆಗೆ ಅವನನ್ನು ಕಳಿಸಿ, ತುಸು ಹೊತ್ತಿಗೆ ಹೊರಕ್ಕೆ ಕರೆಯುವುದು. ಅಂಗಿಯ ಚಿತ್ರವನ್ನು ಎಷ್ಟು ಜನ ಗುರುತಿಸಿದ್ದಾರೆಂದು ಅವನನ್ನು ಕೇಳುವುದು. ಹಾಗೆ ಅಂಗಿ ತೊಟ್ಟವರು ಹೆಚ್ಚುಕಡಿಮೆ ಅರ್ಧದಷ್ಟು ಜನವೆಂದು ಊಹಿಸಿದರು. ನಿಜವಾಗಿ ಗುರುತಿಸಿದ್ದವರು ನಾಲ್ಕರಲ್ಲೊಂದು ಪಾಲು ಮಾತ್ರ.

ಇದನ್ನು ನಮ್ಮ ಊರುಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ನಿಂತ ಹುಡುಗಿ ಯಾರ ಮಗಳೆಂಬುದು ಹತ್ತು ಜನಕ್ಕೆ ಗೊತ್ತಿರುತ್ತದೆ. ಇಲ್ಲಿ ನೋಡುವ ಕಣ್ಣುಗಳು ಕಲ್ಪನೆಯಲ್ಲ. ‘ನದರು’ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹೆಣ್ಣುಮಕ್ಕಳ ಮೇಲೆ ಆ ಕಣ್ಣಿನ ಭಾರ ಇನ್ನೂ ಹೆಚ್ಚು. ಹಾಗಿದ್ದರೂ ನೋಡುವುದು ಬೇರೆ, ನೆನಪಿಡುವುದು ಬೇರೆ. ಅದನ್ನು ಪರೀಕ್ಷಿಸಲೆಂದು ಅಧ್ಯಾಪಕಿಗೆ ಒಂದು ಕೆಲಸ ಹೇಳಿದೆ: ಸಮಾರಂಭದಲ್ಲಿದ್ದ ಐವರನ್ನು, ತಮ್ಮ ಭಾಷಣದ ಮಾತೆತ್ತದೆ, ಅಂದು ನಿಮಗೆ ನೆನಪಿರುವುದೇನೆಂದು ಕೇಳಿರಿ. ಮಕ್ಕಳ ಕೋಲಾಟ, ವಿದ್ಯುತ್ತು ಹೋದದ್ದು, ಊಟ ತಡವಾದದ್ದು ಇವು ಬಂದ ಉತ್ತರಗಳು. ಒಬ್ಬರು ಮಾತ್ರ ಭಾಷಣವನ್ನು ನೆನೆದರು; ಅದೂ ಚೆನ್ನಾಗಿತ್ತೆಂದು.

ಒಂದೇ ದುಃಸ್ವಪ್ನ ಮತ್ತೆ ಮತ್ತೆ ಬಿದ್ದರೆ ಮನೋವೈದ್ಯರು ಬಳಸುವ ಒಂದು ವಿಧಾನವಿದೆ. ಹಗಲಿನಲ್ಲಿ ಕನಸನ್ನು ಬರೆಯಬೇಕು. ಅದನ್ನು ತನಗೆ ಬೇಕಾದಂತೆ ಬದಲಿಸಿ ಮರಳಿ ಬರೆಯಬೇಕು. ಆ ಹೊಸ ರೂಪವನ್ನು ದಿನವೂ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಕಾಣಬೇಕು. ಲೈಂಗಿಕ ದೌರ್ಜನ್ಯಕ್ಕೆ ತುತ್ತಾಗಿ ದುಃಸ್ವಪ್ನಗಳಿಂದ ನರಳುತ್ತಿದ್ದ ಮಹಿಳೆಯರಲ್ಲಿ ಇದು ಫಲ ಕೊಟ್ಟಿತೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಲ್ಲರಿಗೂ ಫಲಿಸುವುದೆಂದು ಹೇಳಲಾಗದು. ಅಂಥ ಆಘಾತ ಕಂಡವರು ವೈದ್ಯರ ನೆರವಿನಿಂದಲೇ ಇದನ್ನು ಮಾಡುವುದು ಲೇಸು. ನಮ್ಮ ಅಧ್ಯಾಪಕಿ ಬರೆದುಕೊಂಡ ಬದಲಾವಣೆ ಚಿಕ್ಕದು: ಜನವೆಲ್ಲ ತಿರುಗಿ ತೇರನ್ನು ನೋಡತೊಡಗುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈವರೆಗೆ ಹೇಳಿದ್ದು ಕನಸಿನ ಸಂಗತಿ. ಎಚ್ಚರದಲ್ಲಿಯೂ ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ, ಗುಟ್ಟಾಗಿ ಚಿತ್ರ ತೆಗೆಯುತ್ತಿದ್ದಾರೆ ಎಂದು ಒಬ್ಬರು ಹೇಳಿದರೆ, ಅದು ನಿಜವೇ ಎಂದು ಮೊದಲು ವಿಚಾರಿಸಬೇಕು. ನಿಜವಾದರೆ ಅದು ಪೊಲೀಸರ ಕೆಲಸ. ಆಧಾರವಿಲ್ಲದೆಯೂ ಆ ನಂಬಿಕೆ ಕದಲದಿದ್ದರೆ ಗದರಿಸದೆ, ನಗದೆ, ಮನೋವೈದ್ಯರ ಬಳಿ ಕರೆದೊಯ್ಯಬೇಕು.

ಆ ಹೆಣ್ಣುಮಗಳಿಗೆ ಕನಸು ಆಮೇಲೆ ಇನ್ನೊಮ್ಮೆ ಬಿತ್ತಂತೆ. ಮಂದಿ ತಿರುಗಲಿಲ್ಲ, ಮೊದಲಿನ ಹಾಗೆಯೇ ನೋಡುತ್ತಿದ್ದರು. ಆದರೆ ಈ ಸಲ ಕಾಲು ಎತ್ತಿಡಲು ಬಂತಂತೆ. ಮುಂದಿನ ಕವಿಗೋಷ್ಠಿಯ ಕರೆಗೆ ಅವರು ಒಪ್ಪಿಗೆ ಬರೆದು ಕಳಿಸಿದ್ದಾರೆ.